ಕಿವಿ ಕೇಳಿಸದವರನ್ನು ಮಾತನಾಡಿಸುವುದು ಹೇಗೆ? ಗ್ರಂಥಾಲಯದ ಮೇಜಿನಿಂದ ಒಂದು ಪ್ರಶ್ನೆ

ಗ್ರಂಥಾಲಯದ ಸಹಾಯಕಿ

ಎಲ್ಲರಿಗೂ ನಮಸ್ಕಾರ. ನಾನು ಹಾಸನ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದ ಸಾರ್ವಜನಿಕ ಗ್ರಂಥಾಲಯದಲ್ಲಿ ಪುಸ್ತಕ ಕೊಟ್ಟು ತೆಗೆದುಕೊಳ್ಳುವ ಮೇಜಿನಲ್ಲಿ ಕೆಲಸ ಮಾಡುತ್ತೇನೆ. ನಮ್ಮಲ್ಲಿಗೆ ತಪ್ಪದೆ ಬರುವ ಇಬ್ಬರು ಓದುಗರ ವಿಷಯವಾಗಿ ತಿಳಿದವರ ಸಲಹೆ ಬೇಕಾಗಿದೆ. ಒಬ್ಬರು ನಿವೃತ್ತ ಮೇಷ್ಟ್ರು. ವಯಸ್ಸಾದ ಮೇಲೆ ಕಿವಿ ಮಂದವಾಗಿ, ಈಗ ಎರಡೂ ಕಿವಿಗೆ ಮೆಷಿನ್ ಹಾಕಿಕೊಂಡಿದ್ದಾರೆ. ಇನ್ನೊಬ್ಬರು ಇಪ್ಪತ್ತರ ಆಸುಪಾಸಿನ ಯುವಕ. ಹುಟ್ಟಿನಿಂದಲೇ ಕಿವಿ ಕೇಳಿಸದ ಅವರು ಗೆಳೆಯರೊಡನೆ ಕೈಸನ್ನೆಯ ಭಾಷೆಯಲ್ಲಿ ಮಾತನಾಡಿಕೊಳ್ಳುವುದನ್ನು ನೋಡಿದ್ದೇನೆ.

ಮೇಷ್ಟ್ರು ಬಂದಾಗ ನಾನು "ನಮಸ್ಕಾರ ಸರ್, ಹೇಗಿದ್ದೀರಿ?" ಎಂದು ಕೇಳುತ್ತೇನೆ. ಅವರು ನಕ್ಕು ತಲೆಯಾಡಿಸಿ ಸುಮ್ಮನಾಗುತ್ತಾರೆ. ಪುಸ್ತಕ ತಡವಾಗಿದೆ ಎಂದು ಹೇಳಿದರೂ ಅದೇ ನಗು, ಅದೇ ತಲೆಯಾಡಿಸುವಿಕೆ. ದನಿ ಏರಿಸಿದರೆ ಅವರ ಮುಖ ಸಣ್ಣದಾಗುತ್ತದೆ, ಓದುತ್ತಿದ್ದವರೆಲ್ಲ ತಲೆ ಎತ್ತಿ ನೋಡುತ್ತಾರೆ. ಆ ಯುವಕನೊಡನೆ ನನ್ನ ಮಾತು ಬರೀ ನಗುವಿನಲ್ಲಿ ಮುಗಿಯುತ್ತದೆ. ಬೇರೆಯವರಿಗೆಲ್ಲ ಒಂದು ಮಾತು ಆಡಿ, ಅವರನ್ನು ಮಾತ್ರ ಸುಮ್ಮನೆ ಕಳುಹಿಸುವುದು ನನಗೆ ಸರಿಬರುತ್ತಿಲ್ಲ. ಇಬ್ಬರನ್ನೂ ಸರಿಯಾಗಿ ಬರಮಾಡಿಕೊಳ್ಳುವುದು ಹೇಗೆ? ಉಪಯೋಗವಾಗಬಹುದೆಂದು ಇನ್ನೊಂದು ವಿಷಯ ಹೇಳುತ್ತೇನೆ: ನನ್ನ ಬೆನ್ನ ಹಿಂದೆ ದೊಡ್ಡ ಕಿಟಕಿ ಇದೆ, ತಲೆಯ ಮೇಲೆ ಹಳೆಯ ಫ್ಯಾನು ತಿರುಗುತ್ತಿರುತ್ತದೆ.

ಊರ ಹಿತೈಷಿ

ಇದು ಅಷ್ಟು ಕಷ್ಟವಲ್ಲ ಮೇಡಂ. ನನ್ನ ದೊಡ್ಡಪ್ಪನವರಿಗೂ ಕಿವಿ ಮಂದವಿತ್ತು. ಮೂರು ಸೂತ್ರಗಳನ್ನು ನೆನಪಿಟ್ಟುಕೊಳ್ಳಿ. ಮೊದಲನೆಯದು, ಎದುರಿಗೆ ನಿಂತು ಮಾತನಾಡಬೇಕು. ಎರಡನೆಯದು, ಜೋರಾಗಿ ಮಾತನಾಡಬೇಕು. ಮೂರನೆಯದು, "ನ... ಮ... ಸ್ಕಾ... ರ" ಎಂದು ಅಕ್ಷರ ಅಕ್ಷರವಾಗಿ ಬಿಡಿಸಿ, ಬಾಯಿಯನ್ನು ಅಗಲವಾಗಿ ತೆರೆದು ಹೇಳಬೇಕು. ಹಾಗೆ ಮಾಡಿದರೆ ತುಟಿ ನೋಡಿ ತಿಳಿದುಕೊಳ್ಳುತ್ತಾರೆ. ಆ ಹುಡುಗನ ವಿಷಯಕ್ಕೆ ಬಂದರೆ, ಒಂದು ಕೈಯಲ್ಲಿ ಎ ಬಿ ಸಿ ಡಿ ತೋರಿಸುವ ಚಿತ್ರಪಟ ಅಂತರ್ಜಾಲದಲ್ಲಿ ಬೇಕಾದಷ್ಟು ಸಿಗುತ್ತದೆ. ಅದನ್ನು ಕಲಿತುಕೊಂಡರೆ ಯಾವ ಮಾತನ್ನಾದರೂ ಹೇಳಬಹುದು.

ಶ್ರವಣತಜ್ಞೆ, ಮೈಸೂರು

ಹಿತೈಷಿಗಳು ಹೇಳಿದ ಮೊದಲ ಮಾತು ಸರಿ, ಎದುರಿಗೆ ನಿಲ್ಲಲೇಬೇಕು. ಉಳಿದ ಎರಡರಿಂದ ಮೇಷ್ಟ್ರಿಗೆ ಉಪಕಾರಕ್ಕಿಂತ ತೊಂದರೆಯೇ ಹೆಚ್ಚು. ಏಕೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ವಯಸ್ಸಿನಿಂದ ಕಿವಿ ಮಂದವಾಗುವಾಗ ಎಲ್ಲ ಸದ್ದುಗಳೂ ಒಂದೇ ಸಮನಾಗಿ ಕಡಿಮೆಯಾಗುವುದಿಲ್ಲ. ಮೊದಲು ಹೋಗುವುದು ಕೀಚಲು, ಸಣ್ಣ ಸದ್ದುಗಳು. ಮಾತಿನಲ್ಲಿ ಸ, ಶ, ತ, ಚ, ಕ ಮುಂತಾದ ವ್ಯಂಜನಗಳು ಆ ಬಗೆಯ, ಬಲವಿಲ್ಲದ ಸದ್ದುಗಳು. ಆ, ಓ, ಊ ಮುಂತಾದ ಸ್ವರಗಳು ದಪ್ಪನೆಯ, ಬಲವಾದ ಸದ್ದುಗಳಾದ್ದರಿಂದ ಅವು ಬಹುಕಾಲ ಕೇಳಿಸುತ್ತಲೇ ಇರುತ್ತವೆ. ಆದ್ದರಿಂದಲೇ ಹಿರಿಯರು "ನೀವು ಮಾತನಾಡುವುದು ಕೇಳಿಸುತ್ತದೆ, ಏನೆಂದು ತಿಳಿಯುವುದಿಲ್ಲ" ಎನ್ನುತ್ತಾರೆ. ನಾವು ಕೂಗಿದಾಗ ಬಲವಾಗುವುದು ಮುಖ್ಯವಾಗಿ ಸ್ವರಗಳು. ಅರ್ಥವನ್ನು ಹಿಡಿದುಕೊಡುವ ವ್ಯಂಜನಗಳು ಆ ಗದ್ದಲದಲ್ಲಿ ಇನ್ನಷ್ಟು ಮುಚ್ಚಿಹೋಗುತ್ತವೆ. ಜೊತೆಗೆ ಒಳಗಿವಿ ಸವೆದವರಿಗೆ ಮೆಲ್ಲನೆಯ ಸದ್ದು ಕೇಳಿಸದಿದ್ದರೂ, ಜೋರಾದ ಸದ್ದು ಒಮ್ಮೆಗೇ ಕಿವಿಗೆ ಬಡಿದಂತಾಗಿ ನೋವಾಗುವುದುಂಟು. ಮೇಷ್ಟ್ರ ಮುಖ ಸಣ್ಣದಾಗುವುದಕ್ಕೆ ನಾಲ್ಕು ಜನರ ಎದುರಿನ ಸಂಕೋಚದೊಡನೆ ಇದೂ ಕಾರಣವಿರಬಹುದು.

ದನಿ ಏರಿಸುವ ಬದಲು ಹತ್ತಿರ ಹೋಗಿ. ನಮ್ಮಿಬ್ಬರ ನಡುವಿನ ದೂರ ಅರ್ಧಕ್ಕೆ ಇಳಿದಾಗ ಮಾತಿನ ಸದ್ದು ಸುಮಾರು 6 ಡೆಸಿಬಲ್ ಹೆಚ್ಚುತ್ತದೆ, ಮಾತಿನ ಆಕಾರವೂ ಕೆಡುವುದಿಲ್ಲ. ಮೆಷಿನ್ ಹಾಕಿಕೊಂಡವರಿಗೆ ಮೂರರಿಂದ ಐದು ಅಡಿ ದೂರ ಅನುಕೂಲ. ಅದಕ್ಕಿಂತ ಹತ್ತಿರ ಹೋಗಿ ಕಿವಿಯ ಬಳಿಯೇ ಬಾಯಿಟ್ಟು ಹೇಳಿದರೆ ಅವರಿಗೆ ನಿಮ್ಮ ತುಟಿ ಕಾಣುವುದಿಲ್ಲ. ಕೈ ಅಥವಾ ಕೆನ್ನೆ ಮೆಷಿನ್ನಿಗೆ ತೀರ ಹತ್ತಿರ ಬಂದರೆ ಅದು ಕೀಂ ಎಂದು ಸಿಳ್ಳೆ ಹೊಡೆಯಲೂಬಹುದು.

ಇನ್ನು ಅಕ್ಷರ ಬಿಡಿಸಿ ಹೇಳುವ ವಿಚಾರ. ತುಟಿ ಓದುವವರು ಬಿಡಿ ಅಕ್ಷರಗಳನ್ನು ಓದುವುದಿಲ್ಲ. ಮಾತಿನ ಓಟವನ್ನು, ಅದರ ಏರಿಳಿತವನ್ನು ಹಿಡಿಯುತ್ತಾರೆ. ಬಾಯಿಯನ್ನು ಅತಿಯಾಗಿ ತೆರೆದು ಅಕ್ಷರಗಳನ್ನು ಎಳೆದರೆ ಅವರಿಗೆ ಅಭ್ಯಾಸವಿರುವ ತುಟಿಯ ಆಕಾರವೇ ಬದಲಾಗುತ್ತದೆ. ಸಹಜವಾದ ಲಯದಲ್ಲಿ, ನಿಮ್ಮ ಎಂದಿನ ಮಾತಿಗಿಂತ ಒಂದಿಷ್ಟು ನಿಧಾನವಾಗಿ, ಪದದ ಕೊನೆಯನ್ನು ನುಂಗದೆ ಹೇಳಿ, ಒಂದು ವಾಕ್ಯ ಮುಗಿದ ಮೇಲೆ ಸ್ವಲ್ಪ ತಡೆಯಿರಿ. ತಡೆ ವಾಕ್ಯಗಳ ನಡುವೆ ಇರಬೇಕು, ಅಕ್ಷರಗಳ ನಡುವೆ ಅಲ್ಲ.

ನಿಮ್ಮ ಕಿಟಕಿಯೇ ದೊಡ್ಡ ಅಡ್ಡಿ ಎಂದು ನನಗೆ ತೋರುತ್ತದೆ. ಬೆಳಕು ನಿಮ್ಮ ಬೆನ್ನ ಹಿಂದಿನಿಂದ ಬರುವುದರಿಂದ ಮೇಷ್ಟ್ರಿಗೆ ಕಾಣುವುದು ನಿಮ್ಮ ಮುಖದ ನೆರಳು ಮಾತ್ರ. ಬೆಳಕು ನಿಮ್ಮ ಮುಖದ ಮೇಲೆ ಬೀಳುವಂತೆ ಮೇಜನ್ನು ತಿರುಗಿಸಲು ಸಾಧ್ಯವೇ?

ಮಲೆನಾಡಿನ ಮಗಳು

ಶ್ರವಣತಜ್ಞೆಯವರ ಮಾತನ್ನು ಓದಿದಾಗ ನಮ್ಮ ತಂದೆಯವರೇ ಕಣ್ಣ ಮುಂದೆ ಬಂದರು. ಮದುವೆ ಮನೆಗಳಲ್ಲಿ ಕಿರಿಯರು ಬಂದು ಅವರ ಕಾಲಿಗೆ ನಮಸ್ಕರಿಸುತ್ತಾರೆ, ಬಗ್ಗಿದಲ್ಲಿಯೇ "ನಾನು ಇಂಥವರ ಮಗ, ಈಗ ಬೆಂಗಳೂರಿನಲ್ಲಿದ್ದೇನೆ" ಎಂದು ನೆಲದ ಕಡೆಗೆ ಮುಖ ಮಾಡಿ ಹೇಳಿ, ಎದ್ದು ನಕ್ಕು ಹೊರಟುಬಿಡುತ್ತಾರೆ. ವಾಲಗದ ಸದ್ದಿನಲ್ಲಿ ಅವರಿಗೆ ಒಂದಕ್ಷರವೂ ದಕ್ಕಿರುವುದಿಲ್ಲ. ಯಾರು ಬಂದಿದ್ದರು ಎಂದು ಆಮೇಲೆ ನನ್ನನ್ನು ಕೇಳುತ್ತಾರೆ, ಬಂದವರು ಯಾರೆಂದು ತಿಳಿಯದೆ ಆಶೀರ್ವಾದ ಮಾಡಿದೆನಲ್ಲ ಎಂದು ಕೊರಗುತ್ತಾರೆ.

ನಮ್ಮ ಮನೆಯಲ್ಲಿ ಈಗ ಎಲ್ಲ ಮಕ್ಕಳಿಗೂ ಹೇಳಿಕೊಟ್ಟಿದ್ದೇವೆ. ಮೊದಲು ಮೌನವಾಗಿ ನಮಸ್ಕಾರ ಮಾಡಬೇಕು, ಎದ್ದು ನಿಂತು ತಾತ ತಮ್ಮ ಮುಖ ನೋಡುವವರೆಗೆ ಕಾಯಬೇಕು, ಆಮೇಲೆ ಮೊದಲು ಹೆಸರು, ನಂತರ ಯಾರ ಮಗ ಅಥವಾ ಮಗಳು ಎಂಬುದನ್ನು ಹೇಳಬೇಕು. ಎಲೆಯಡಿಕೆ ಹಾಕಿಕೊಂಡು ಮಾತನಾಡಿಸಲು ಬರುವ ನೆಂಟರಿಗೆ ಇದನ್ನು ಹೇಳಿಕೊಡುವುದು ಹೇಗೆ ಎಂಬುದು ಮಾತ್ರ ನಮಗೆ ಇನ್ನೂ ತಿಳಿದಿಲ್ಲ.

ಶ್ರವಣತಜ್ಞೆ, ಮೈಸೂರು

ನೀವು ಹೇಳಿದ ಕ್ರಮ ಬಹಳ ಚೆನ್ನಾಗಿದೆ. ಮೊದಲು ನೋಟ, ಆಮೇಲೆ ಮಾತು. ನೋಟ ಕೂಡುವ ಮುನ್ನ ಆಡಿದ ಪದಗಳೆಲ್ಲ ಅವರ ಪಾಲಿಗೆ ಆಡದ ಪದಗಳೇ.

ತುಟಿ ಓದುವುದರ ಮಿತಿಯನ್ನೂ ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಓದುವವರೆಲ್ಲರೂ ಒಮ್ಮೆ ಕನ್ನಡಿಯ ಮುಂದೆ ನಿಂತು, ದನಿ ಹೊರಡಿಸದೆ "ಅಪ್ಪ" ಎನ್ನಿ, ಆಮೇಲೆ "ಅಮ್ಮ" ಎನ್ನಿ. ತುಟಿಯಲ್ಲಿ ಎರಡಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಪ, ಬ, ಮ ಮೂರಕ್ಕೂ ತುಟಿಗಳು ಮುಚ್ಚಿ ತೆರೆಯುತ್ತವೆ, ಉಳಿದ ವ್ಯತ್ಯಾಸವೆಲ್ಲ ಮೂಗಿನಲ್ಲಿ ಮತ್ತು ಗಂಟಲಿನಲ್ಲಿ ನಡೆಯುತ್ತದೆ. "ಮಾವ ಬಂದರು" ಎಂಬುದೂ "ಭಾವ ಬಂದರು" ಎಂಬುದೂ ನೋಡುವವರಿಗೆ ಒಂದೇ. ಕ, ಗ ಬಾಯಿಯ ಹಿಂಭಾಗದಲ್ಲಿಯೂ ಹ ಗಂಟಲಿನಲ್ಲಿಯೂ ಹುಟ್ಟುವುದರಿಂದ ಕಾಣುವುದೇ ಇಲ್ಲ. ನಾಲಗೆ ಮಡಿಸಿ ಹೇಳುವ ಟ, ಡ, ಣ, ಳ ಕೂಡ ಹಾಗೆಯೇ.

ಈಗ ಗ್ರಂಥಾಲಯದ ಸಹಾಯಕಿಯವರು ಕೇಳುವ "ಹೇಗಿದ್ದೀರಿ?" ಎಂಬ ಪ್ರಶ್ನೆಯನ್ನು ಕನ್ನಡಿಯಲ್ಲಿ ನೋಡಿ. ಹ, ಗ, ದ, ರ ಎಲ್ಲವೂ ಒಳಗೇ ಉಳಿಯುತ್ತವೆ. ತುಟಿಗಳು ಸ್ವಲ್ಪ ಅಗಲವಾಗಿ ಹಾಗೆಯೇ ನಿಲ್ಲುತ್ತವೆ. ಅದೊಂದು ನಗುವಿನ ಹಾಗೆ ಕಾಣುತ್ತದೆ. ಮೇಷ್ಟ್ರು ನಗುವಿಗೆ ನಗುವನ್ನೇ ತಿರುಗಿ ಕೊಡುತ್ತಿದ್ದಾರೆ! "ಊಟ ಮಾಡಿದಿರಾ?" ಎಂದು ಕೇಳಿ ನೋಡಿ. ಊ ಎನ್ನುವಾಗ ತುಟಿ ದುಂಡಗಾಗುತ್ತದೆ, ಮಾ ಎನ್ನುವಾಗ ಮುಚ್ಚಿ ತೆರೆಯುತ್ತದೆ, ಕೊನೆಯಲ್ಲಿ ಬಾಯಿ ಅಗಲವಾಗುತ್ತದೆ. ಕಣ್ಣಿಗೆ ಹಿಡಿಯಲು ಮೂರು ಗುರುತುಗಳಿವೆ. ಕುಶಲ ಕೇಳುವ ನಮ್ಮ ಹಳೆಯ ವಾಡಿಕೆಯೂ ಅದೇ ಆಗಿರುವುದರಿಂದ ಅವರು ಅದನ್ನು ನಿರೀಕ್ಷಿಸುತ್ತಲೂ ಇರುತ್ತಾರೆ. ಒಂದು ಮಾತು ಅರ್ಥವಾಗದಿದ್ದರೆ ಅದನ್ನೇ ಮತ್ತೆ ಮತ್ತೆ ಹೇಳದೆ, ಒಂದು ಸಲ ಪುನಃ ಹೇಳಿ, ಆಮೇಲೆ ಬೇರೆ ಪದಗಳಲ್ಲಿ ಹೇಳಬೇಕು ಎನ್ನುವುದಕ್ಕೂ ಇದೇ ಕಾರಣ.

ಸಂಖ್ಯೆಗಳನ್ನು ಮಾತ್ರ ತುಟಿಗೆ ಬಿಡಬೇಡಿ. ಎಪ್ಪತ್ತು ಮತ್ತು ಎಂಬತ್ತು ತುಟಿಯ ಮೇಲೆ ಒಂದೇ ತೆರನಾಗಿರುತ್ತವೆ. ದಿನಾಂಕ, ದಂಡದ ಹಣ, ಪುಸ್ತಕ ಹಿಂದಿರುಗಿಸುವ ದಿನ ಇವನ್ನೆಲ್ಲ ಚೀಟಿಯಲ್ಲಿ ಬರೆದು ತೋರಿಸಿ.

ಒಂದು ಕಿವಿಯವನು

ಪ್ರಶ್ನೆ ಮೇಷ್ಟ್ರ ಕುರಿತಾಗಿದ್ದರೂ ನನ್ನ ವಿಷಯವನ್ನು ಇಲ್ಲಿ ಹೇಳಿಕೊಳ್ಳುತ್ತೇನೆ, ಏಕೆಂದರೆ ನನ್ನಂಥವರನ್ನು ಯಾರೂ ಗಮನಿಸುವುದಿಲ್ಲ. ಚಿಕ್ಕಂದಿನಲ್ಲಿ ಬಂದ ಕಾಯಿಲೆಯಿಂದ ನನಗೆ ಎಡಗಿವಿ ಪೂರ್ತಿ ಹೋಯಿತು. ಬಲಗಿವಿ ಸಂಪೂರ್ಣ ಸರಿಯಾಗಿದೆ. ಮೆಷಿನ್ ಇಲ್ಲ, ಮಾತು ಸ್ಪಷ್ಟವಾಗಿದೆ, ಆದ್ದರಿಂದ ನೋಡಿದವರಿಗೆ ಏನೂ ತಿಳಿಯುವುದಿಲ್ಲ. ಎಡಗಡೆಯಿಂದ ಬಂದು "ನಮಸ್ಕಾರ" ಎಂದವರಿಗೆ ನಾನು ಪ್ರತಿನಮಸ್ಕಾರ ಮಾಡದಿದ್ದಾಗ ಜಂಬದವನು ಎಂದುಕೊಳ್ಳುತ್ತಾರೆ. ಯಾರಾದರೂ ಹೆಸರು ಹಿಡಿದು ಕರೆದರೆ ಸದ್ದು ಯಾವ ದಿಕ್ಕಿನಿಂದ ಬಂತೆಂದೂ ತಿಳಿಯುವುದಿಲ್ಲ, ಸುತ್ತಲೂ ತಿರುಗಿ ಹುಡುಕುತ್ತೇನೆ. ಕರೆಯುವವರು ಜೊತೆಗೆ ಕೈಯನ್ನೂ ಎತ್ತಿದರೆ ನನಗೆ ದೊಡ್ಡ ಸಹಾಯ. ಮೊದಲ ಸಲ ಭೇಟಿಯಾದವರು "ಯಾವ ಕಡೆ ಕುಳಿತರೆ ನಿಮಗೆ ಅನುಕೂಲ?" ಎಂದು ಕೇಳಿದರೆ ಅದಕ್ಕಿಂತ ಒಳ್ಳೆಯ ಮಾತು ನನಗೆ ಬೇರೆ ಇಲ್ಲ.

ಹುಬ್ಬಳ್ಳಿಯ ಸೊಸೆ

ಎಲ್ಲರೂ ಇಷ್ಟು ತಿಳಿದವರಿರುವುದರಿಂದ ಕೇಳುತ್ತಿದ್ದೇನೆ. ನಮ್ಮ ಅತ್ತೆಯವರಿಗೂ ಮೆಷಿನ್ ತರಬೇಕೆಂದಿದ್ದೇವೆ. ಯಾವ ಕಂಪನಿಯದು ಒಳ್ಳೆಯದು? ಅಂಗಡಿಯಿಂದ ನೇರವಾಗಿ ತಂದು ಹಾಕಬಹುದೇ?

ಶ್ರವಣತಜ್ಞೆ, ಮೈಸೂರು

ಪರೀಕ್ಷೆ ಮಾಡಿಸದೆ ತರಬೇಡಿ. ಕೆಲವೊಮ್ಮೆ ಕಿವಿಯ ಗುಗ್ಗೆಯೋ ಸೋರುವಿಕೆಯೋ ಕಾರಣವಾಗಿದ್ದು, ಮೆಷಿನ್ನಿನ ಅಗತ್ಯವೇ ಇಲ್ಲದಿರಬಹುದು. ಮೊದಲು ಕಿವಿ, ಮೂಗು, ಗಂಟಲಿನ ವೈದ್ಯರಿಗೆ ತೋರಿಸಿ, ಆಮೇಲೆ ಶ್ರವಣ ಪರೀಕ್ಷೆ ಮಾಡಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆಯೂ ಮೆಷಿನ್ನಿನ ಆಯ್ಕೆಯೂ ಒಂದೇ ಕಡೆ ಆಗುತ್ತದೆ.

ಈ ಚರ್ಚೆಗೆ ಸಂಬಂಧಿಸಿ ಒಂದು ಮಾತು: ಮೆಷಿನ್ ಹಾಕಿದ ಮರುದಿನವೇ ಎಲ್ಲವೂ ತಿಳಿಯುತ್ತದೆ ಎಂದು ಭಾವಿಸಬೇಡಿ. ಅದು ನಿಮ್ಮ ಮಾತನ್ನೂ ಮಿಕ್ಸಿಯ ಸದ್ದನ್ನೂ ಜೊತೆಯಲ್ಲಿಯೇ ದೊಡ್ಡದು ಮಾಡುತ್ತದೆ. ಮೊದಲ ವಾರಗಳಲ್ಲಿ ಟಿವಿ ಆರಿಸಿ, ಎದುರು ಕುಳಿತು, ಒಬ್ಬೊಬ್ಬರಾಗಿ ಮಾತನಾಡಿಸಿ.

ಕೈಮಾತು

ನಾನು ಹುಟ್ಟಿನಿಂದ ಕಿವಿ ಕೇಳಿಸದವನು. ಭಾರತೀಯ ಸನ್ನೆ ಭಾಷೆ ನನ್ನ ಮೊದಲ ಭಾಷೆ. ಕನ್ನಡವನ್ನು ಶಾಲೆಯಲ್ಲಿ ಬರಹದ ಮೂಲಕ ಕಲಿತೆ. ಇಲ್ಲಿಯವರೆಗಿನ ಮಾತೆಲ್ಲ ಮೇಷ್ಟ್ರ ಕುರಿತಾಗಿತ್ತು. ಆ ಯುವಕನ ಕುರಿತು ನಾನು ಬರೆಯುತ್ತೇನೆ.

ಮೊದಲಿಗೆ ಒಂದು ಕೈಯ ಅಕ್ಷರಪಟದ ವಿಷಯ. ಅಂತರ್ಜಾಲದಲ್ಲಿ ಎಲ್ಲೆಡೆ ಕಾಣುವ ಆ ಪಟ ಅಮೆರಿಕದ ಸನ್ನೆ ಭಾಷೆಯದು. ನಮ್ಮಲ್ಲಿ ಇಂಗ್ಲಿಷ್ ಅಕ್ಷರಗಳನ್ನು ಎರಡು ಕೈಗಳಿಂದ ತೋರಿಸುತ್ತೇವೆ. ಒಂದು ಕೈಯ ಬೆರಳುಗಳನ್ನು ಬಿಡಿಸಿ ಹಿಡಿದು, ಇನ್ನೊಂದು ಕೈಯ ತೋರುಬೆರಳಿನಿಂದ ಹೆಬ್ಬೆರಳಿನ ತುದಿ ಮುಟ್ಟಿದರೆ ಎ, ತೋರುಬೆರಳು ಮುಟ್ಟಿದರೆ ಇ, ನಡುಬೆರಳು ಐ, ಉಂಗುರಬೆರಳು ಓ, ಕಿರುಬೆರಳು ಯು. ಆದರೆ ಅಕ್ಷರಗಳಿಂದ ನಾವು ಮಾತನಾಡುವುದಿಲ್ಲ. ಹೆಸರು, ಊರು, ಸನ್ನೆಯಿಲ್ಲದ ಹೊಸ ಪದ ಬಂದಾಗ ಮಾತ್ರ ಅವನ್ನು ಬಳಸುತ್ತೇವೆ. "ನಮಸ್ಕಾರ" ಎಂದು ಒಂದೊಂದೇ ಅಕ್ಷರ ತೋರಿಸುತ್ತ ನಿಂತರೆ ನಾನು ತಾಳ್ಮೆಯಿಂದ ನೋಡುತ್ತೇನೆ, ಆದರೆ ಅದು ಅಭಿವಂದನೆಯಾಗುವುದಿಲ್ಲ.

ನಮಸ್ಕಾರಕ್ಕೆ ಕೈ ಮುಗಿದರೆ ಸಾಕು. ಅದು ನಿಮಗೂ ನಮಗೂ ಸಮಾನ. ಓರಗೆಯವರು ಕೈ ಬೀಸುವುದೂ ಉಂಟು. ಕುಶಲ ಕೇಳಲು ನನ್ನ ಕಡೆಗೆ ಕೈ ತೋರಿಸಿ, ಹೆಬ್ಬೆರಳು ಎತ್ತಿ, ಹುಬ್ಬು ಮೇಲೆತ್ತಿ ತಲೆಯನ್ನು ತುಸು ಮುಂದೆ ತನ್ನಿ. "ನೀವು ಚೆನ್ನಾಗಿದ್ದೀರಾ?" ಎಂದು ಕೇಳಿದಂತಾಯಿತು. ಹುಬ್ಬು ಎತ್ತದೆ ಅದನ್ನೇ ಮಾಡಿದರೆ "ನೀವು ಚೆನ್ನಾಗಿದ್ದೀರಿ" ಎಂದಷ್ಟೇ ಆಗುತ್ತದೆ, ನಾನು ಉತ್ತರ ಕೊಡಬೇಕೆಂದು ನನಗೆ ತಿಳಿಯುವುದಿಲ್ಲ. ಕೇಳಿಸುವವರು ಬೆರಳುಗಳ ಕಡೆಗೇ ಗಮನ ಕೊಟ್ಟು ಮುಖವನ್ನು ಕಲ್ಲಿನಂತೆ ಇಟ್ಟುಕೊಳ್ಳುತ್ತಾರೆ. ನಮ್ಮ ಭಾಷೆಯ ಅರ್ಧ ವ್ಯಾಕರಣ ಮುಖದಲ್ಲಿದೆ. ಧನ್ಯವಾದ ಹೇಳಲು ಚಾಚಿದ ಅಂಗೈಯ ಬೆರಳ ತುದಿಗಳನ್ನು ಗಲ್ಲದ ಬಳಿಯಿಂದ ಎದುರಿನವರ ಕಡೆಗೆ ಇಳಿಸುತ್ತಾ ತನ್ನಿ.

ಪ್ರಶ್ನೆಯ ಪದ ನಮ್ಮಲ್ಲಿ ಕೊನೆಗೆ ಬರುತ್ತದೆ. ನೀವು ಕನ್ನಡದಲ್ಲಿ "ಯಾವ ಪುಸ್ತಕ ಬೇಕು?" ಎನ್ನುತ್ತೀರಿ. ನಾವು "ಪುಸ್ತಕ, ಬೇಕು, ಯಾವುದು?" ಎಂಬ ಕ್ರಮದಲ್ಲಿ ಕೇಳುತ್ತೇವೆ. ಕೇಳಿದ ಮೇಲೆ ಕಣ್ಣು ತೆಗೆಯಬೇಡಿ. ನಾನು ಉತ್ತರಿಸುತ್ತಿರುವಾಗ ನೀವು ರಿಜಿಸ್ಟರಿನ ಕಡೆಗೆ ತಿರುಗಿದರೆ, ಮಾತಿನ ನಡುವೆ ಕಿವಿ ಮುಚ್ಚಿಕೊಂಡಂತೆ.

ಊರ ಹಿತೈಷಿ

ಒಂದು ಕೈಯ ಪಟ ನಮ್ಮದಲ್ಲ ಎಂಬುದು ನನಗೆ ತಿಳಿದಿರಲಿಲ್ಲ, ತಿಳಿಸಿದ್ದಕ್ಕೆ ಧನ್ಯವಾದ. ಆದರೂ ಒಂದು ಸಂದೇಹವಿದೆ. ಎದುರಿನವರಿಗೆ ಬೆರಳು ತೋರಿಸುವುದು ನಮ್ಮಲ್ಲಿ ಅಗೌರವವಲ್ಲವೇ? ಮತ್ತೆ, ಇಷ್ಟೆಲ್ಲ ಕಲಿಯುವ ಬದಲು ಕಾಗದದಲ್ಲಿ ಕನ್ನಡದಲ್ಲಿಯೇ ಬರೆದು ತೋರಿಸಿದರೆ ಸಾಲದೇ?

ಕೈಮಾತು

ಸನ್ನೆ ಭಾಷೆಯಲ್ಲಿ ಬೆರಳು ತೋರಿಸುವುದು "ನೀವು" ಎಂಬ ಪದವೇ ಆದ್ದರಿಂದ ನಮಗೆ ಅದರಲ್ಲಿ ಅಗೌರವ ಕಾಣುವುದಿಲ್ಲ. ಹಿರಿಯರ ಎದುರಿನಲ್ಲಿ ನಾನು ಒಂದು ಬೆರಳಿನ ಬದಲು ಅಂಗೈ ಮೇಲಾಗಿ ಇಡೀ ಕೈಯನ್ನು ಚಾಚುತ್ತೇನೆ. ನಿಮಗೆ ಸಂಕೋಚವಾದರೆ ಹಾಗೆ ಮಾಡಬಹುದು.

ಬರೆದು ತೋರಿಸುವುದು ಕೆಲಸದ ಮಾತಿಗೆ ಒಳ್ಳೆಯದು. ಆದರೆ ನಮ್ಮಲ್ಲಿ ಅನೇಕರಿಗೆ ಬರಹದ ಕನ್ನಡ ಎರಡನೆಯ ಭಾಷೆ. ವಿಭಕ್ತಿ ಪ್ರತ್ಯಯಗಳು ತುಂಬಿದ ಉದ್ದನೆಯ ವಾಕ್ಯ ಕಷ್ಟವಾಗುತ್ತದೆ. "ತಾವು ಕೊಂಡೊಯ್ದಿದ್ದ ಪುಸ್ತಕವನ್ನು ನಿಗದಿತ ಅವಧಿಯೊಳಗೆ ಹಿಂದಿರುಗಿಸದ ಕಾರಣ" ಎಂದು ಬರೆಯುವ ಬದಲು "ಪುಸ್ತಕ ತಡ. ದಂಡ 10 ರೂಪಾಯಿ." ಎಂದು ಬರೆಯಿರಿ. ಹೀಗೆ ಚಿಕ್ಕದಾಗಿ ಬರೆದರೆ ನನ್ನನ್ನು ಕೀಳಾಗಿ ಕಂಡರೆಂದು ನಾನು ಭಾವಿಸುವುದಿಲ್ಲ.

ಸಂಜ್ಞಾ ಅನುವಾದಕಿ

ಕೈಮಾತು ಅವರು ಹೇಳಿದ್ದನ್ನು ಒಪ್ಪುತ್ತೇನೆ. ಕಲಿಯಬಯಸುವವರಿಗಾಗಿ ಒಂದೆರಡು ವಿಷಯ ಸೇರಿಸುತ್ತೇನೆ. ದೆಹಲಿಯ ಭಾರತೀಯ ಸನ್ನೆ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರವು 2018ರಲ್ಲಿ 3000 ಪದಗಳ ನಿಘಂಟನ್ನು ಹೊರತಂದಿತು. 2021ರ ಆವೃತ್ತಿಯಲ್ಲಿ ಅದು 10,000 ಪದಗಳಿಗೆ ಬೆಳೆಯಿತು. ಎಲ್ಲವೂ ವಿಡಿಯೋ ರೂಪದಲ್ಲಿರುವುದರಿಂದ ಕೈಯ ಚಲನೆ ಸರಿಯಾಗಿ ಕಾಣುತ್ತದೆ. ಸ್ಥಿರಚಿತ್ರ ನೋಡಿ ಕಲಿತವರು ಸಾಮಾನ್ಯವಾಗಿ ಎಡವುವುದು ಈ ಚಲನೆಯಲ್ಲಿಯೇ.

ಆದರೆ ನಿಘಂಟಿನ ಸನ್ನೆಯೂ ನಿಮ್ಮ ಊರಿನ ಸನ್ನೆಯೂ ಒಂದೇ ಆಗಿರಬೇಕಾಗಿಲ್ಲ. ದೇಶದಾದ್ಯಂತ ವ್ಯಾಕರಣ ಬಹುಮಟ್ಟಿಗೆ ಒಂದೇ ಆದರೂ ಪದಗಳು ಪ್ರದೇಶದಿಂದ ಪ್ರದೇಶಕ್ಕೆ, ಕೆಲವೊಮ್ಮೆ ಶಾಲೆಯಿಂದ ಶಾಲೆಗೆ ಬದಲಾಗುತ್ತವೆ. ಆ ಯುವಕ ನೀವು ಮಾಡಿದ ಸನ್ನೆಯನ್ನು ಬೇರೆ ರೀತಿಯಲ್ಲಿ ಮಾಡಿ ತೋರಿಸಿದರೆ ಅವರದನ್ನೇ ಅನುಸರಿಸಿ.

ಮುಂದೆಂದಾದರೂ ಅವರೊಡನೆ ನನ್ನಂಥ ಅನುವಾದಕರು ಬಂದರೆ ನಮಸ್ಕಾರವನ್ನು ಆ ಯುವಕನಿಗೇ ಮಾಡಿ, ಮಾತನ್ನೂ ಅವರ ಮುಖ ನೋಡಿಯೇ ಆಡಿ. "ಅವರಿಗೆ ಏನು ಬೇಕಂತೆ ಕೇಳಿ" ಎಂದು ನನ್ನ ಕಡೆಗೆ ತಿರುಗುವವರೇ ಹೆಚ್ಚು. ಎದುರಿಗೆ ನಿಂತಿರುವ ವ್ಯಕ್ತಿಗೆ ಅದು ತಿಳಿಯದೇ ಇರುವುದಿಲ್ಲ.

ಗ್ರಂಥಾಲಯದ ಸಹಾಯಕಿ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಮೇಜನ್ನು ಪೂರ್ತಿ ತಿರುಗಿಸಲು ಜಾಗವಿರಲಿಲ್ಲ. ನನ್ನ ಕುರ್ಚಿಯನ್ನು ಪಕ್ಕದ ಗೋಡೆಯ ಕಡೆಗೆ ಸರಿಸಿಕೊಂಡೆ, ಈಗ ಕಿಟಕಿಯ ಬೆಳಕು ಮುಖದ ಮೇಲೆ ಓರೆಯಾಗಿ ಬೀಳುತ್ತದೆ. ಮೇಷ್ಟ್ರು ಬಂದಾಗ ಫ್ಯಾನು ಆರಿಸಿ, ಕೈ ಎತ್ತಿ, ಅವರು ನನ್ನ ಕಡೆ ನೋಡಿದ ಮೇಲೆ ಕೈಮುಗಿದು "ಊಟ ಮಾಡಿದಿರಾ ಸರ್?" ಎಂದೆ. "ಇಲ್ಲಮ್ಮ, ಈಗ ಹೋಗಿ ಮಾಡಬೇಕು, ಮನೆಯಲ್ಲಿ ಹುರುಳಿ ಸಾರು" ಎಂದರು! ಅವರ ಬಾಯಿಂದ ಅಷ್ಟು ದೊಡ್ಡ ಉತ್ತರವನ್ನು ನಾನು ಹಿಂದೆ ಕೇಳಿರಲಿಲ್ಲ. ಪುಸ್ತಕ ಹಿಂದಿರುಗಿಸುವ ದಿನಾಂಕವನ್ನು ಚೀಟಿಯಲ್ಲಿ ದೊಡ್ಡದಾಗಿ ಬರೆದುಕೊಟ್ಟೆ. ಆದರೆ ಆಮೇಲೆ ಹೊಸದಾಗಿ ಬಂದ ಕಾದಂಬರಿಗಳ ವಿಷಯ ಹೇಳಿದಾಗ ಮತ್ತೆ ಮೊದಲಿನಂತೆ ನಕ್ಕು ತಲೆಯಾಡಿಸಿದರು. ಅರ್ಥವಾಯಿತೋ ಇಲ್ಲವೋ ಎಂದು ಅವರಿಗೆ ನೋವಾಗದ ಹಾಗೆ ತಿಳಿದುಕೊಳ್ಳುವುದು ಹೇಗೆ?

ಆ ಯುವಕ ಕಪಾಟುಗಳ ಕಡೆ ಮುಖ ಮಾಡಿ ನಿಂತಿದ್ದಾಗ ಅವರ ಗಮನ ಸೆಳೆಯುವುದು ಹೇಗೆಂದೂ ತಿಳಿಯಲಿಲ್ಲ. ಭುಜ ತಟ್ಟಬಹುದೇ? ನಾನು ಹೆಂಗಸಾದ್ದರಿಂದ ಹಿಂಜರಿದೆ. ಅವರೇ ತಿರುಗಿದಾಗ ಕೈಮುಗಿದು, ಹುಬ್ಬೆತ್ತಿ ಹೆಬ್ಬೆರಳು ತೋರಿಸಿದೆ. ಅವರ ಮುಖ ಅರಳಿತು, ತಕ್ಷಣ ವೇಗವಾಗಿ ಏನನ್ನೋ ಸನ್ನೆಯಲ್ಲಿ ಹೇಳಿದರು. ಕೊನೆಯಲ್ಲಿ ತಮ್ಮ ಹುಬ್ಬಿನ ಬಳಿ ಎರಡು ಬೆರಳು ಎಳೆದು ತಮ್ಮ ಎದೆಯನ್ನು ತೋರಿಸಿಕೊಂಡರು. ನನಗೆ ಏನೂ ತಿಳಿಯಲಿಲ್ಲ.

ಶ್ರವಣತಜ್ಞೆ, ಮೈಸೂರು

"ಗೊತ್ತಾಯಿತಾ?" ಎಂದು ಕೇಳಬೇಡಿ. ಆ ಪ್ರಶ್ನೆಗೆ ತಲೆಯಾಡಿಸಿದರೆ ಸಾಕಾಗುತ್ತದೆ, ಅರ್ಥವಾಗದವರೂ ಸೌಜನ್ಯಕ್ಕಾಗಿ ತಲೆಯಾಡಿಸುತ್ತಾರೆ. ಹೌದು ಅಥವಾ ಇಲ್ಲ ಎಂದು ಮುಗಿಯದ ಪ್ರಶ್ನೆ ಕೇಳಿ. "ಕಾದಂಬರಿ ಬೇಕೋ, ಕಥೆ ಬೇಕೋ?" ಎಂದಾಗ ಅವರು ತಲೆಯಾಡಿಸಿದರೆ ಮಾತು ತಲುಪಿಲ್ಲ ಎಂದು ನಿಮಗೆ ತಿಳಿಯುತ್ತದೆ.

ವಿಷಯ ಬದಲಾಗಿದ್ದೂ ಅವರಿಗೆ ತಿಳಿದಿರಲಿಕ್ಕಿಲ್ಲ. ಮೇಷ್ಟ್ರ ಮನಸ್ಸು ಊಟ ಮತ್ತು ದಿನಾಂಕದ ಮಾತಿನಲ್ಲಿಯೇ ಇತ್ತು, ನೀವು ಕಾದಂಬರಿಗೆ ಹೋದಿರಿ. ತುಟಿ ಓದುವವರು ಅರ್ಧವನ್ನು ನೋಡಿ, ಉಳಿದ ಅರ್ಧವನ್ನು ಸಂದರ್ಭದಿಂದ ಊಹಿಸುತ್ತಾರೆ, ಆದ್ದರಿಂದ ಹೊಸ ವಿಷಯವನ್ನು ಮೊದಲೇ ತಿಳಿಸಬೇಕು. ಹೊಸ ಪುಸ್ತಕವನ್ನು ಕೈಯಲ್ಲಿ ಎತ್ತಿ ತೋರಿಸಿ, ಅವರು ಅದನ್ನು ನೋಡಿ ಮತ್ತೆ ನಿಮ್ಮ ಮುಖಕ್ಕೆ ಕಣ್ಣು ತಂದ ಮೇಲೆ ಮಾತು ಆರಂಭಿಸಿ. ಎರಡು ಬಾರಿ ಹೇಳಿದರೂ ತಿಳಿಯದಿದ್ದರೆ "ಇರಲಿ ಬಿಡಿ, ಏನಿಲ್ಲ" ಎಂದು ಮಾತ್ರ ಹೇಳಬೇಡಿ, ಬರೆದು ತೋರಿಸಿ. ಆ "ಏನಿಲ್ಲ" ಎಂಬ ಮಾತಿನಿಂದ ನೊಂದು ಮನೆಯವರೊಡನೆ ಮಾತು ಬಿಟ್ಟವರನ್ನು ನಾನು ನನ್ನ ಕೆಲಸದಲ್ಲಿ ಕಂಡಿದ್ದೇನೆ.

ಕೈಮಾತು

ಗಮನ ಸೆಳೆಯಲು ಭುಜವನ್ನು ಅಥವಾ ತೋಳಿನ ಮೇಲ್ಭಾಗವನ್ನು ಮೆಲ್ಲಗೆ ಒಂದೆರಡು ಸಲ ತಟ್ಟುವುದು ನಮ್ಮಲ್ಲಿ ಸಹಜ. ಗಂಡು ಹೆಣ್ಣೆಂಬ ಭೇದವನ್ನು ನಾವು ಅದರಲ್ಲಿ ಎಣಿಸುವುದಿಲ್ಲ. ಬೆನ್ನು, ತಲೆ ಮುಟ್ಟಬಾರದು, ಹಿಂದಿನಿಂದ ಹಿಡಿದು ಎಳೆಯಬಾರದು, ಕಾಗದದ ಉಂಡೆ ಎಸೆಯಬಾರದು. ಇನ್ನೊಂದು ದಾರಿ ಎಂದರೆ ದೀಪವನ್ನು ಒಮ್ಮೆ ಆರಿಸಿ ಹೊತ್ತಿಸುವುದು. ಗ್ರಂಥಾಲಯದಲ್ಲಿ ಉಳಿದ ಓದುಗರಿಗೆ ತೊಂದರೆಯಾಗುತ್ತದೆ ಎನಿಸಿದರೆ ಸುತ್ತಿ ಬಂದು ಅವರ ಕಣ್ಣಂಚಿಗೆ ಕಾಣುವಲ್ಲಿ ಕೈ ಬೀಸಿ.

ಅವರು ಕೊನೆಯಲ್ಲಿ ತೋರಿಸಿದ್ದು ಅವರ ಹೆಸರಿನ ಸನ್ನೆಯಾಗಿರುವ ಸಾಧ್ಯತೆ ಹೆಚ್ಚು. ನಮ್ಮ ಸಮುದಾಯದಲ್ಲಿ ಪ್ರತಿಯೊಬ್ಬರಿಗೂ ಒಂದು ಸನ್ನೆಯ ಹೆಸರಿರುತ್ತದೆ, ಮುಖದ ಗುರುತೋ ಅಭ್ಯಾಸವೋ ನೋಡಿ ಗೆಳೆಯರು ಅದನ್ನು ಇಡುತ್ತಾರೆ. ಅವರ ಹುಬ್ಬಿನ ಬಳಿ ಗಾಯದ ಗುರುತಿದೆಯೇ ನೋಡಿ. ಮುಂದಿನ ಸಲ ಬಂದಾಗ ಕೈಮುಗಿದ ಮೇಲೆ ಆ ಸನ್ನೆಯನ್ನು ನೀವೂ ಮಾಡಿ, ಹುಬ್ಬೆತ್ತಿ ಕೇಳಿ. ಹೌದೋ ಅಲ್ಲವೋ ಅವರೇ ಹೇಳುತ್ತಾರೆ. ನಿಮಗೆ ಒಂದು ಹೆಸರನ್ನು ನೀವೇ ಇಟ್ಟುಕೊಳ್ಳಬೇಡಿ, ಪರಿಚಯ ಬೆಳೆದ ಮೇಲೆ ಅವರು ಕೊಡಬಹುದು.

ಮಲೆನಾಡಿನ ಮಗಳು

ಭುಜ ತಟ್ಟುವ ವಿಷಯದಲ್ಲಿ ಒಂದು ಮಾತು. ಸನ್ನೆ ಭಾಷೆಯವರಲ್ಲಿ ಅದು ಸಹಜವಾದರೂ, ಹಳ್ಳಿಯಲ್ಲಿ ನೋಡುತ್ತಿರುವ ಉಳಿದವರಿಗೆ ಅದು ಹಾಗೆ ಕಾಣುವುದಿಲ್ಲ. ಸಹಾಯಕಿಯವರು ಹಿಂಜರಿದದ್ದರಲ್ಲಿ ತಪ್ಪಿಲ್ಲ. ನಾನಾಗಿದ್ದರೆ ಸುತ್ತಿ ಬಂದು ಕೈ ಬೀಸುವುದನ್ನೇ ಆರಿಸಿಕೊಳ್ಳುತ್ತಿದ್ದೆ.

ಕೈಮಾತು

ನೋಡುವವರು ಏನೆಂದುಕೊಳ್ಳುತ್ತಾರೆ ಎಂಬ ಅಂಜಿಕೆಯಿಂದ ನಮ್ಮನ್ನು ಕರೆಯದೆಯೇ ಬಿಡುವವರನ್ನು ನಾನು ಬಹಳ ಕಂಡಿರುವುದರಿಂದ ನಿಮ್ಮ ಮಾತನ್ನು ಪೂರ್ತಿ ಒಪ್ಪಲಾರೆ. ಕೈ ಬೀಸಲು ಸಾಧ್ಯವಿರುವಲ್ಲಿ ಬೀಸಿ. ಕಪಾಟುಗಳ ನಡುವಿನ ಇಕ್ಕಟ್ಟಿನಲ್ಲಿ ಸುತ್ತಿ ಬರಲಾಗದಿದ್ದರೆ ಏನು ಮಾಡುವುದೆಂದು ಆ ಯುವಕನನ್ನೇ ಚೀಟಿಯಲ್ಲಿ ಬರೆದು ಕೇಳಿ: "ನಿಮ್ಮನ್ನು ಕರೆಯಬೇಕು. ಭುಜ ತಟ್ಟಬಹುದೇ?" ಅವರ ಉತ್ತರವೇ ಅಲ್ಲಿ ನಡೆಯಬೇಕು, ನನ್ನದಲ್ಲ.

ಗ್ರಂಥಾಲಯದ ಸಹಾಯಕಿ

ಹುಬ್ಬಿನ ಬಳಿ ಗಾಯದ ಗುರುತು ಇರುವುದು ನಿಜ, ಬಲಗಡೆ. ಚೀಟಿ ಬರೆದಿಟ್ಟುಕೊಂಡಿದ್ದೇನೆ. ಅವರು ಸಾಮಾನ್ಯವಾಗಿ ಶನಿವಾರ ಬರುತ್ತಾರೆ. ಉತ್ತರ ಏನು ಬಂತೆಂದು ಇಲ್ಲಿ ತಿಳಿಸುತ್ತೇನೆ.